ಹಾಲು ಕರೆಯುವ ಯಂತ್ರದ ಮೋಟಾರು ಎಷ್ಟು ಕರೆಂಟು ಎಳೆಯುತ್ತಿದೆ?

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರಿಗಾಗಿ ನೀಡಿದ ಭಾಷಣದ ಪಠ್ಯ)



ಪಶುವೈದ್ಯರು ಕರೆಂಟಿನ ವಿಷಯ ಏಕೆ ಎತ್ತಿಕೊಂಡರು ಎಂದು ನಿಮಗೆ ಅನ್ನಿಸಬಹುದು. ಹಸು ಹಾಲು ಇಳಿಬಿಡುವ ಅವಧಿ ಐದಾರು ನಿಮಿಷ ಮಾತ್ರ. ಅಷ್ಟರೊಳಗೆ ಮೋಟಾರು ನಿಂತರೆ, ಅಥವಾ ನಿಧಾನವಾಗಿ ನಿರ್ವಾತದ ಒತ್ತಡ ಇಳಿದರೆ, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ, ಲೈನರ್ ಮೊಲೆತೊಟ್ಟಿನಿಂದ ಜಾರುತ್ತದೆ. ಇದು ಪದೇ ಪದೇ ಆದರೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಮೋಟಾರು ಸುಡುವ ಮೊದಲೇ ಅದರ ತೊಂದರೆಯನ್ನು ತಿಳಿಯಲು ಕ್ಲಾಂಪ್ ಮೀಟರ್ ಎಂಬ ಸಣ್ಣ ಉಪಕರಣ ಸಾಕು.

ಇಕ್ಕಳದಂತೆ ಬಾಯಿ ತೆರೆಯುವ ಈ ಮೀಟರನ್ನು ಕರೆಂಟು ಹರಿಯುವ ತಂತಿಯ ಸುತ್ತ ಮುಚ್ಚಿದರೆ, ತಂತಿಯನ್ನು ಕತ್ತರಿಸದೆ, ಸುಲಿಯದೆ, ಎಷ್ಟು ಆಂಪಿಯರ್ ಹೋಗುತ್ತಿದೆ ಎಂದು ತೋರಿಸುತ್ತದೆ. ತಂತಿಯ ಸುತ್ತ ಉಂಟಾಗುವ ಕಾಂತಶಕ್ತಿಯನ್ನು ಅದು ಅಳೆಯುತ್ತದೆ. ಆದ್ದರಿಂದಲೇ ಒಂದು ನಿಯಮವನ್ನು ಮರೆಯಬಾರದು: ಇಕ್ಕಳದೊಳಗೆ ಒಂದೇ ತಂತಿ ಇರಬೇಕು. ಮೋಟಾರಿನ ಪೂರ್ತಿ ಕೇಬಲ್ಲನ್ನು ಹಿಡಿದರೆ ಫೇಸ್‌ನಲ್ಲಿ ಹೋಗುವ ಕರೆಂಟೂ ನ್ಯೂಟ್ರಲ್‌ನಲ್ಲಿ ಮರಳುವ ಕರೆಂಟೂ ಒಂದನ್ನೊಂದು ಹೊಡೆದುಹಾಕಿ, ಮೀಟರು ಸೊನ್ನೆ ತೋರಿಸುತ್ತದೆ. ಮೀಟರು ಕೆಟ್ಟಿದೆ ಎಂದು ಅನೇಕರು ಮೂಲೆಗಿಡುವುದು ಇದೇ ಕಾರಣದಿಂದ.

ಇದಕ್ಕಾಗಿ ವೈರ್‌ಮನ್‌ನಿಂದ ಒಂದು ಗಟ್ಟಿಯಾದ ಎಕ್ಸ್‌ಟೆನ್ಷನ್ ಮಾಡಿಸಿಕೊಳ್ಳಿ. ಅದರಲ್ಲಿ ಒಂದು ಗೇಣಿನಷ್ಟು ಉದ್ದ ಮೇಲಿನ ದಪ್ಪ ಹೊದಿಕೆಯನ್ನು ಮಾತ್ರ ತೆಗೆದಿರಬೇಕು; ಒಳಗಿನ ಮೂರು ತಂತಿಗಳ ಬಣ್ಣದ ಹೊದಿಕೆ ಎಲ್ಲಿಯೂ ಗೀರಿರಬಾರದು. ಅಳತೆ ಇರುವಾಗ ಮಾತ್ರ ಇದನ್ನು ಬಳಸಿ, ಒಣಗಿದ ಜಾಗದಲ್ಲಿಟ್ಟು, ಚಪ್ಪಲಿ ಮೆಟ್ಟಿ, ಒಣಗಿದ ಕೈಯಿಂದ ನೋಡಬೇಕು. ಸ್ವಿಚ್ ಬೋರ್ಡನ್ನಾಗಲೀ ಸ್ಟಾರ್ಟರನ್ನಾಗಲೀ ನೀವು ಬಿಚ್ಚುವ ಅಗತ್ಯವಿಲ್ಲ.

ಮೀಟರನ್ನು A~ ಎಂಬ ಗುರುತಿಗೆ ತಿರುಗಿಸಿ. ಮೋಟಾರು ಬಂದ್ ಇರುವಾಗಲೇ ಫೇಸ್ ತಂತಿಯನ್ನು ಇಕ್ಕಳದ ನಡುವೆ ಬರುವಂತೆ ಹಿಡಿದು, ಬಾಯಿ ಪೂರ್ತಿ ಮುಚ್ಚಿದೆಯೇ ನೋಡಿ. ನಂತರ ಮೋಟಾರು ಹಾಕಿಸಿ. ಮೊದಲ ಕ್ಷಣ ಅಂಕಿ ಐದಾರು ಪಟ್ಟು ಏರುತ್ತದೆ. ಅದು ಮೋಟಾರು ಎದ್ದು ನಿಲ್ಲುವ ಕರೆಂಟು, ಗಾಬರಿ ಬೇಡ. ಮೋಟಾರು ತಿರುಗದೆ ಗುಂಯ್‌ಗುಟ್ಟುತ್ತಾ ನಿಂತರೆ ಮಾತ್ರ ತಕ್ಷಣ ಬಂದ್ ಮಾಡಬೇಕು. ಸರಿಯಾಗಿ ತಿರುಗಿದರೆ ಐದು ನಿಮಿಷ ಬಿಟ್ಟು, ಹಾಲು ಕರೆಯುತ್ತಿರುವಾಗಲೇ ಅಂಕಿ ಓದಿ. ಅಂಕಿ ಅಲುಗಾಡದೆ ನಿಂತಿದ್ದರೆ HOLD ಗುಂಡಿ ಒತ್ತಿ ಹೋಗಿದೆಯೇ ನೋಡಿಕೊಳ್ಳಿ.

ಓದಿದ ಅಂಕಿಯನ್ನು ಮೋಟಾರಿನ ನಾಮಫಲಕದಲ್ಲಿ ಬರೆದ ಆಂಪಿಯರ್‌ನೊಂದಿಗೆ ಹೋಲಿಸಬೇಕು. ಆದರೆ ಆಂಪಿಯರ್ ಒಂದನ್ನೇ ನೋಡಿದರೆ ಸಾಲದು, ಅದೇ ಹೊತ್ತಿನ ವೋಲ್ಟೇಜ್ ಸಹ ಬೇಕು. ಪ್ಲಗ್‌ಗೆ ಸಿಕ್ಕಿಸುವ ಚಿಕ್ಕ ವೋಲ್ಟ್ ಮೀಟರನ್ನು ಕೊಟ್ಟಿಗೆಯ ಇನ್ನೊಂದು ಸಾಕೆಟ್ಟಿಗೆ ಹಾಕಿಡಿ. ಶರಾವತಿ, ವಾರಾಹಿಯ ಕರೆಂಟು ಹುಟ್ಟುವುದು ನಮ್ಮ ಸೀಮೆಯಲ್ಲೇ ಆದರೂ, ಲೈನಿನ ಕೊನೆಯ ಒಂಟಿ ಮನೆಗೆ ಸಂಜೆ ಮುಟ್ಟುವ ವೋಲ್ಟೇಜ್ ಎಷ್ಟೆಂಬುದು ನಿಮಗೇ ಗೊತ್ತು.

ಒಂದು ಉದಾಹರಣೆ ನೋಡೋಣ. ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು. ಫಲಕದಲ್ಲಿ 230 ವೋಲ್ಟ್, 7 ಆಂಪಿಯರ್ ಎಂದಿದೆ. ಮನೆಯ ಮೀಟರ್ ಬೋರ್ಡಿನಿಂದ ಕೊಟ್ಟಿಗೆಗೆ 60 ಮೀಟರ್ ದೂರ, ಎಳೆದಿರುವುದು 1.5 ಚದರ ಮಿಲಿಮೀಟರ್ ತಾಮ್ರದ ತಂತಿ. ಬೆಳಿಗ್ಗೆ ಮೋಟಾರು ಹಾಕುವ ಮೊದಲು 235 ವೋಲ್ಟ್, ಓಡುವಾಗ 226 ವೋಲ್ಟ್, ಕರೆಂಟು 6.5 ಆಂಪಿಯರ್. ಇದು ಸರಿಯಾಗಿದೆ. ಸಂಜೆ ಹಾಕುವ ಮೊದಲು 205, ಓಡುವಾಗ 193 ವೋಲ್ಟ್, ಕರೆಂಟು 8 ಆಂಪಿಯರ್.

ಕೆಲಸ ಅಷ್ಟೇ ಇದ್ದು ವೋಲ್ಟೇಜ್ ಇಳಿದರೆ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. 7ರ ಬದಲು 8 ಎಂದರೆ ಅಲ್ಪವೆನಿಸಬಹುದು. ಆದರೆ ಸುರುಳಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅಲ್ಲಿ ಹುಟ್ಟುವ ಶಾಖ ಸುಮಾರು ಶೇಕಡ 30 ಹೆಚ್ಚಾಯಿತು. 16 ಆಂಪಿಯರ್‌ನ ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ. ದಿನವೂ ಹೀಗಾದರೆ ಸುರುಳಿಯ ಹೊದಿಕೆ ಕ್ರಮೇಣ ಕರಕಲಾಗುತ್ತದೆ.

ಈಗ ತಪ್ಪು ಎಲ್ಲಿದೆ ಎಂದು ನೋಡಿ. ಮೋಟಾರು ಹಾಕಿದೊಡನೆ 205 ಇದ್ದದ್ದು 193ಕ್ಕೆ ಇಳಿಯಿತು. ಆ 12 ವೋಲ್ಟನ್ನು ನುಂಗಿದ್ದು ಬಹುಮಟ್ಟಿಗೆ ನಮ್ಮದೇ ಸಣ್ಣ ತಂತಿ. ಅದರ ಬದಲು 4 ಚದರ ಮಿಲಿಮೀಟರ್‌ನ ತಂತಿ ಹಾಕಿಸಿದರೆ ಈ ನಷ್ಟ 4 ವೋಲ್ಟಿನಷ್ಟಕ್ಕೆ ಇಳಿಯುತ್ತದೆ. ಮೋಟಾರು ಏಳುವಾಗಿನ ಪರದಾಟವೂ ತಗ್ಗುತ್ತದೆ. ಆದರೆ ಮೋಟಾರು ಹಾಕುವ ಮೊದಲೇ ಇದ್ದ 205 ಬೋರ್ಡಿನಲ್ಲೂ ಅಷ್ಟೇ ಇದ್ದರೆ, ಅದು ಲೈನಿನ ಕೊರತೆ. ಅದನ್ನು ಮೆಸ್ಕಾಂ ಶಾಖಾ ಕಚೇರಿಗೆ ಬರಹದಲ್ಲಿ ಕೊಡಬೇಕು. ಒಂದು ವಾರದ ಬೆಳಗು-ಸಂಜೆಯ ವೋಲ್ಟೇಜನ್ನು ಗಂಟೆ ಸಮೇತ ಬರೆದುಕೊಟ್ಟರೆ ಬಾಯಿಮಾತಿನ ದೂರಿಗಿಂತ ತೂಕ ಹೆಚ್ಚು. ಅಲ್ಲಿಯವರೆಗೆ, ಊರಿನ ದೀಪಗಳು ಹೊತ್ತುವ ಮೊದಲೇ ಸಂಜೆಯ ಹಾಲು ಕರೆಯಲಾದರೆ ಮೋಟಾರಿಗೆ ಕ್ಷೇಮ.

ವೋಲ್ಟೇಜ್ ಸರಿಯಿದ್ದೂ ಕರೆಂಟು ಫಲಕಕ್ಕಿಂತ ಹೆಚ್ಚಿದ್ದರೆ ಹೊರೆ ಹೆಚ್ಚಿದೆ ಎಂದು ಅರ್ಥ. ಬೆಲ್ಟ್ ಅತಿ ಬಿಗಿಯಾಗಿರಬಹುದು, ಪಂಪಿನ ಎಣ್ಣೆ ಬತ್ತಿರಬಹುದು, ಹೊರಗಾಳಿಯ ಕೊಳವೆ ಕಟ್ಟಿರಬಹುದು, ಇಲ್ಲವೇ ಬೇರಿಂಗ್ ಸವೆದಿರಬಹುದು. ನಿರ್ವಾತದ ಗೇಜು ಎಂದಿಗಿಂತ ಮೇಲಿದ್ದರೆ ರೆಗ್ಯುಲೇಟರ್ ಅಂಟಿಕೊಂಡಿದೆ. ಇದು ಮೊಲೆತೊಟ್ಟಿಗೂ ಅಪಾಯ, ಹಾಲು ಕರೆಯುವುದನ್ನು ನಿಲ್ಲಿಸಿ.

ಇದಕ್ಕೆ ವಿರುದ್ಧವಾದದ್ದೂ ಉಂಟು. ಬೆಲ್ಟ್ ಜಾರಿದರೆ, ರಬ್ಬರ್ ಕೊಳವೆ ಸೀಳಿ ಗಾಳಿ ನುಗ್ಗಿದರೆ ಪಂಪಿನ ಹೊರೆ ಕಡಿಮೆಯಾಗುತ್ತದೆ, ಕರೆಂಟೂ ಕೊಂಚ ಇಳಿಯುತ್ತದೆ. ಕೊಂಚ ಎನ್ನಲು ಕಾರಣವಿದೆ. ಸಿಂಗಲ್ ಫೇಸ್ ಮೋಟಾರು ಬೆಲ್ಟ್ ಕಳಚಿ ಖಾಲಿ ಓಡಿದರೂ ಫಲಕದ ಆಂಪಿಯರ್‌ನ ಅರ್ಧಕ್ಕಿಂತ ಹೆಚ್ಚು ಎಳೆಯುವುದು ಸಾಮಾನ್ಯ. ಹಾಗಾಗಿ ಈ ದೋಷದಲ್ಲಿ ಗೇಜೇ ಮುಖ್ಯ ಸಾಕ್ಷಿ. ಆಂಪಿಯರನ್ನು ವೋಲ್ಟಿನಿಂದ ಗುಣಿಸಿ ಕರೆಂಟ್ ಬಿಲ್ಲಿನ ಲೆಕ್ಕ ಹಾಕಲೂ ಬರುವುದಿಲ್ಲ, ನಿಜವಾದ ಬಳಕೆ ಅದಕ್ಕಿಂತ ಕಡಿಮೆ.

ಕೊನೆಗೆ ಒಂದು ಎಚ್ಚರಿಕೆ. ಯಂತ್ರ ಮುಟ್ಟಿದೊಡನೆ ಹಸು ಬೆಚ್ಚಿ ಒದೆಯುತ್ತಿದ್ದರೆ ಕರೆಂಟು ಸೋರುತ್ತಿರಬಹುದು. ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ನಿಂತ ಹಸುವಿಗೆ ನಮಗೆ ತಿಳಿಯದಷ್ಟು ಸಣ್ಣ ಸೋರಿಕೆಯೂ ತಾಗುತ್ತದೆ. ಆದರೆ ಸಾಮಾನ್ಯ ಕ್ಲಾಂಪ್ ಮೀಟರು ಅಂಥ ಸೋರಿಕೆಯನ್ನು ಹಿಡಿಯಲಾರದು. ಅದು ಸೊನ್ನೆ ತೋರಿಸಿತೆಂದು ಧೈರ್ಯಗೊಳ್ಳಬೇಡಿ. ಯಂತ್ರ ನಿಲ್ಲಿಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಕೊಟ್ಟಿಗೆಯ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ.

ಯಂತ್ರ ಚೆನ್ನಾಗಿ ಓಡುತ್ತಿರುವಾಗಲೇ ವೋಲ್ಟ್, ಆಂಪಿಯರ್, ನಿರ್ವಾತ ಈ ಮೂರನ್ನೂ ಅಳೆದು, ದಿನಾಂಕ ಹಾಕಿ, ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಅದರೊಂದಿಗೆ ಹೋಲಿಸಿದರೆ, ವ್ಯತ್ಯಾಸ ಎಲ್ಲಿಂದ ಶುರುವಾಯಿತು ಎಂದು ಆ ಅಂಕಿಗಳೇ ಹೇಳುತ್ತವೆ.