ಸಹಾಯ ಕೇಳುವಾಗಲೂ ಮಾನ ಉಳಿಯಲಿ
(ಜುಮಾ ಖುತ್ಬಾದ ಸಾರಾಂಶ)

ಸಹೋದರರೇ, ಕಳೆದ ತಿಂಗಳು ಹಳೇ ಹುಬ್ಬಳ್ಳಿಯ ಯುವಕನೊಬ್ಬ ತಾಯಿಯ ಆಪರೇಷನ್‌ಗಾಗಿ ಬರೆದ ವಾಟ್ಸಾಪ್ ಸಂದೇಶ ತಂದು ತೋರಿಸಿದ. "ಅಮ್ಮನನ್ನು ಉಳಿಸಿ, ಲಕ್ಷಾಂತರ ಬೇಕು, ಎಲ್ಲರಿಗೂ ಕಳಿಸಿ" ಎಂದಿತ್ತು. ಜೊತೆಗೆ ಐಸಿಯುನಲ್ಲಿ ಮಲಗಿದ್ದ ತಾಯಿಯ ಫೋಟೋ. ತಾರೀಖಿಲ್ಲ, ಲೆಕ್ಕವಿಲ್ಲ.

ಕಬೀಸಾ(ರ) ಅವರು ನೆರವು ಕೇಳಿ ಬಂದಾಗ ಪ್ರವಾದಿ(ಸ) ಅವರು, ಬಡತನಕ್ಕೆ ಬಿದ್ದವನ ಪರವಾಗಿ ಅವನ ಸಮುದಾಯದ ಮೂವರು ವಿವೇಕಿಗಳು ಸಾಕ್ಷಿ ಹೇಳಿದರೆ ಅವನು ಕೇಳಬಹುದು ಎಂದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ.

ಆದ್ದರಿಂದ ನಾವು ಕೂತು ಮತ್ತೆ ಬರೆದೆವು. ಫೋಟೋ ತೆಗೆದೆವು. ಆಸ್ಪತ್ರೆಯ ಲಿಖಿತ ಅಂದಾಜು 2,40,000 ರೂಪಾಯಿ. ಮನೆಯಲ್ಲಿದ್ದದ್ದು 60,000, ಸಂಬಂಧಿಕರು ಕೊಟ್ಟದ್ದು 40,000. ಬೇಕಾದದ್ದು 1,40,000 ಎಂದು ತಾರೀಖು ಸಹಿತ ಬರೆದೆವು. ಹಣ ನೇರ ಆಸ್ಪತ್ರೆಯ ಖಾತೆಗೆ, ರೋಗಿಯ ದಾಖಲಾತಿ ಸಂಖ್ಯೆ ನಮೂದಿಸಿ. ಅಂದಾಜುಪಟ್ಟಿ ನೋಡಿದ ಜಮಾಅತ್‌ನ ಮೂವರ ಹೆಸರು, ಅವರ ಒಪ್ಪಿಗೆಯಿಂದ ಫೋನ್ ನಂಬರು. ಆಧಾರ್ ಪ್ರತಿ, ಪೂರ್ತಿ ರಿಪೋರ್ಟ್ ಹಾಕಲಿಲ್ಲ. ಕೇಳಿದವರಿಗೆ ಕಾಗದ ತೋರಿಸಿದರೆ ಸಾಕು.

ಮೂರನೇ ದಿನ "90,000 ಬಂದಿದೆ, ಇನ್ನು 50,000 ಬೇಕು" ಎಂದು ತಿಳಿಸಿದೆವು. ಮೊತ್ತ ತುಂಬಿದ ದಿನವೇ "ಇನ್ನು ಕಳಿಸಬೇಡಿ, ಹಳೆಯ ಸಂದೇಶ ಅಳಿಸಿ" ಎಂದೆವು. ಹಾಗೆ ಹೇಳದಿದ್ದರೆ ಅದು ವರ್ಷಗಟ್ಟಲೆ ಸುತ್ತುತ್ತದೆ, ಮುಂದಿನ ನಿಜವಾದ ರೋಗಿಯನ್ನೂ ಜನ ನಂಬುವುದಿಲ್ಲ.

ಕೊನೆಯ ಬಿಲ್ 2,25,000 ಆಯಿತು. ಉಳಿದ 15,000ವನ್ನು ಆಸ್ಪತ್ರೆ ಹಿಂದಿರುಗಿಸಿತು. ಅದು ಕೊಟ್ಟವರ ಅಮಾನತ್. ಅವರನ್ನೇ ಕೇಳಿ, ಇನ್ನೊಬ್ಬ ರೋಗಿಯ ಔಷಧಿಗೆ ಕೊಟ್ಟೆವು.