ನವೀಕರಣದ ನೋಟೀಸು: ಹಿರಿಯರಿಗೆ ತಿಳಿಯುವಂತೆ ಬರೆಯುವುದು



ಆರೋಗ್ಯ ವಿಮೆಯ ಅವಧಿ ಮುಗಿಯುವುದಕ್ಕೆ ಮುನ್ನ ಕಂಪನಿಯಿಂದ ಬರತಕ್ಕ ನವೀಕರಣದ ನೋಟೀಸನ್ನು, ಶಾಲೆಯ ಮೆಟ್ಟಿಲನ್ನು ಹೆಚ್ಚಾಗಿ ಹತ್ತದ ಹಿರಿಯರಿಗೆ ಅರ್ಥವಾಗುವ ಮಾತುಗಳಲ್ಲಿ ತಿರುಗಿ ಬರೆದುಕೊಡುವ ಹೊಣೆ ವಿಮಾ ಏಜೆಂಟರ ಮೇಲೆಯೋ, ಮನೆಯಲ್ಲಿ ಓದುಬರಹ ಬಲ್ಲ ಮಕ್ಕಳು ಮೊಮ್ಮಕ್ಕಳ ಮೇಲೆಯೋ ಬೀಳುತ್ತದೆ. ಅಂಥವರನ್ನು ಉದ್ದೇಶಿಸಿಯೇ ಈ ನಾಲ್ಕು ಮಾತು.

ನೋಟೀಸಿನಲ್ಲಿ ಸಾಮಾನ್ಯವಾಗಿ ಈ ಬಗೆಯ ವಾಕ್ಯವೊಂದಿರುತ್ತದೆ: ‘ಅವಧಿ ಸಮಾಪ್ತಿಯ ತರುವಾಯ 30 ದಿನಗಳ ಗ್ರೇಸ್ ಅವಧಿಯೊಳಗೆ ನವೀಕರಣ ಪ್ರೀಮಿಯಂ ಪಾವತಿಸಲ್ಪಟ್ಟಲ್ಲಿ ನಿರಂತರತೆಯ ಪ್ರಯೋಜನಗಳು ಅಬಾಧಿತವಾಗಿರತಕ್ಕವು, ಆದಾಗ್ಯೂ ವಿರಾಮಾವಧಿಯಲ್ಲಿ ವಿಮಾ ರಕ್ಷಣೆ ಲಭ್ಯವಿರತಕ್ಕದ್ದಲ್ಲ.’ ಇದನ್ನು ಯಾರಾದರೂ ಓದಿಹೇಳಿದಾಗ ವೃದ್ಧರ ಕಿವಿಯಲ್ಲಿ ನಿಲ್ಲುವುದು 30 ದಿನಗಳೆಂಬ ಸಂಖ್ಯೆಯೊಂದೇ. ಇನ್ನೂ ಒಂದು ತಿಂಗಳು ಗಡುವಿದೆ, ಅಲ್ಲಿಯವರೆಗೂ ವಿಮೆ ನಡೆಯುತ್ತಿರುತ್ತದೆ ಎಂದು ಅವರು ನಿಶ್ಚಿಂತರಾಗುತ್ತಾರೆ. ವಾಕ್ಯದ ಉತ್ತರಾರ್ಧವಾದರೋ ಅದಕ್ಕೆ ನೇರವಾಗಿ ವಿರುದ್ಧವಾದುದನ್ನು ಹೇಳುತ್ತಿರುತ್ತದೆ. ಅಪಾಯವೆಲ್ಲ ಅಡಗಿರುವುದು ಆ ‘ಆದಾಗ್ಯೂ’ದ ಆಚೆಯಲ್ಲಿಯೇ.

ಆದಕಾರಣ ಬರೆಯುವವನು ಮೊದಲು ಮಾಡತಕ್ಕದ್ದು, ಆ ಒಂದು ವಾಕ್ಯವನ್ನು ಒಡೆದು, ದಿನಗಳ ಲೆಕ್ಕವನ್ನು ತಾನೇ ಹಾಕಿ, ತಾರೀಖುಗಳನ್ನೇ ನಮೂದಿಸುವುದು. ವಿಮೆಯು ಜುಲೈ 31ಕ್ಕೆ ಮುಗಿಯುವುದೆಂದೂ, ವರ್ಷದ ಹಣವನ್ನು ಒಂದೇ ಕಂತಿನಲ್ಲಿ ಕಟ್ಟುವ ಪದ್ಧತಿಯೆಂದೂ ಇಟ್ಟುಕೊಳ್ಳೋಣ. ಆಗ ನಾನಾದರೆ ಹೀಗೆ ಬರೆದೇನು:

‘ನಿಮ್ಮ ಆಸ್ಪತ್ರೆ ವಿಮೆ ಜುಲೈ 31, ಶುಕ್ರವಾರ ರಾತ್ರಿ ಮುಗಿಯುತ್ತದೆ. ಅದಕ್ಕೆ ಮುಂಚೆ 18,400 ರೂಪಾಯಿ ಕಟ್ಟಿ. ತಡವಾದರೆ ಆಗಸ್ಟ್ 30ರ ತನಕ ಕಟ್ಟಬಹುದು. ಆದರೆ ಆಗಸ್ಟ್ 1ರಿಂದ ನೀವು ಹಣ ಕಟ್ಟುವ ದಿನದ ತನಕ ಆಸ್ಪತ್ರೆ ಸೇರಿದರೆ ಕಂಪನಿ ದುಡ್ಡು ಕೊಡುವುದಿಲ್ಲ. ಆಗಸ್ಟ್ 30 ದಾಟಿದರೆ ಹಳೇ ವಿಮೆ ಹೋಗುತ್ತದೆ. ಹೊಸದು ಕೊಡಲು ಕಂಪನಿ ಒಪ್ಪದೇ ಇರಬಹುದು. ಒಪ್ಪಿದರೂ, ನಿಮಗೆ ಈಗಾಗಲೇ ಇರುವ ಸಕ್ಕರೆ ಕಾಯಿಲೆ, ಬಿ.ಪಿ.ಗೆ ಮೂರು ವರ್ಷದ ತನಕ ದುಡ್ಡು ಸಿಗದೇ ಹೋಗಬಹುದು.’

ಇಲ್ಲೊಂದು ಎಚ್ಚರಿಕೆ ಅವಶ್ಯ. ಪ್ರೀಮಿಯಮ್ಮನ್ನು ಕಂತುಗಳಲ್ಲಿ ಕಟ್ಟುವವರಿಗೆ, ಈಗಿನ ನಿಯಮದಂತೆ, ಗ್ರೇಸ್ ದಿನಗಳಲ್ಲಿಯೂ ರಕ್ಷಣೆ ಮುಂದುವರಿಯುತ್ತದೆ. ತಿಂಗಳ ಕಂತಿನವರಿಗೆ ಆ ದಿನಗಳು 15 ಮಾತ್ರ. ಯಾವ ಬಗೆಯೆಂಬುದನ್ನು ಪಾಲಿಸಿಯಲ್ಲಿ ನೋಡದೆ ನೆರೆಮನೆಯವರ ಚೀಟಿಯನ್ನೇ ನಕಲು ಮಾಡಿಕೊಟ್ಟರೆ ಸರಳವಾದ ಸುಳ್ಳನ್ನು ಬರೆದಂತಾದೀತು.

ಇನ್ನೊಂದು ತೊಡಕು ಸಹಪಾವತಿಯದು. ‘ಸ್ವೀಕೃತ ಕ್ಲೇಮಿನ ಮೇಲೆ ಶೇಕಡ 20’ ಎಂದಿದ್ದರೆ, 50,000 ರೂಪಾಯಿ ಬಿಲ್ಲಿಗೆ ತನ್ನ ಪಾಲು ಹತ್ತು ಸಾವಿರವೆಂದು ಯಾರಾದರೂ ಭಾವಿಸುವುದು ಸಹಜ. ಆದರೆ ಕೈಗವಸು ಮೊದಲಾದ ಬಾಬುಗಳನ್ನು ಕಳೆದು ಕಂಪನಿಯು 45,000ವನ್ನು ಮಾತ್ರ ಒಪ್ಪಿತೆನ್ನಿ; ಅದರಲ್ಲಿ ಅದು ಕೊಡುವುದು 36,000, ಮನೆಯವರು ತೆರಬೇಕಾದುದು 14,000. ಶೇಕಡದ ಗೊಡವೆಯನ್ನು ಬಿಟ್ಟು ಈ ಲೆಕ್ಕವನ್ನೇ ರೂಪಾಯಿಯಲ್ಲಿ ಬರೆದು ತೋರಿಸುವುದು ಮೇಲು.

ಬರೆದ ಮೇಲೆ ಪರೀಕ್ಷಿಸುವ ಬಗೆ ಹೇಗೆ? ‘ಅರ್ಥವಾಯಿತೇ ಅಜ್ಜೀ?’ ಎಂದು ಕೇಳುವುದರಿಂದ ಫಲವಿಲ್ಲ. ಎದುರಿಗಿರುವವರ ಮನಸ್ಸನ್ನು ನೋಯಿಸಲೊಲ್ಲದ ಆ ತಲೆಮಾರಿನವರು ‘ಆಯ್ತಪ್ಪ’ ಎಂದೇ ಉತ್ತರಿಸುತ್ತಾರೆ. ಬದಲಿಗೆ, ‘ಅಜ್ಜೀ, ಹಣ ಇನ್ನೂ ಕಟ್ಟಿಲ್ಲ, ಆಗಸ್ಟ್ 5ನೇ ತಾರೀಖು ನೀವು ಬಿದ್ದು ಕಾಲು ಮುರಿಯಿತು ಅನ್ನಿ, ಆಸ್ಪತ್ರೆ ದುಡ್ಡು ಯಾರು ಕೊಡಬೇಕು?’ ಎಂದು ಕೇಳಿ. ‘ಕಂಪನಿಯೋರೇ ಕೊಡ್ತಾರೆ, ಇನ್ನೂ ದಿನ ಐತಲ್ಲ’ ಎಂದು ಅವರೆಂದರೆ, ತಪ್ಪಿರುವುದು ಅವರ ಬುದ್ಧಿಯಲ್ಲಲ್ಲ, ನಿಮ್ಮ ಬರಹದಲ್ಲಿ. ಆ ಸಾಲನ್ನು ಹೊಡೆದುಹಾಕಿ ಬೇರೆ ಬರೆಯತಕ್ಕದ್ದು. ಅಪಶಕುನದ ಮಾತೆಂದು ಕೆಲವರು ಮುನಿಸಿಕೊಳ್ಳುವುದೂ ಉಂಟು. ಅಂಥಲ್ಲಿ ಬೇರೆ ಯಾರದೋ ಕಾಲು ಮುರಿದಂತೆ ಕೇಳಬಹುದು.

ನೀವು ಬರೆದುಕೊಟ್ಟ ಹಾಳೆಗೆ ಕರಾರಿನ ಬೆಲೆಯಿಲ್ಲ. ವ್ಯಾಜ್ಯ ಬಂದಾಗ ಅಧಿಕೃತವಾಗುವುದು ಮೂಲ ಪಾಲಿಸಿಯೇ. ಆದ್ದರಿಂದ ಮೂಲ ನೋಟೀಸನ್ನು ಎಸೆಯದೆ, ಸರಳ ಹಾಳೆಯನ್ನು ಅದಕ್ಕೇ ಪಿನ್ನು ಮಾಡಿ ಕೊಡಿ. ನೋಟೀಸು ಕಳುಹಿಸಲೇಬೇಕೆಂಬ ಬದ್ಧತೆ ತನಗಿಲ್ಲವೆಂದು ಕಂಪನಿಯು ಬರೆದುಕೊಂಡಿರುವ ಪಾಲಿಸಿಗಳೂ ಹಲವಿವೆ. ಅದು ಬರಲೆಂದು ಕಾಯದೆ, ವಿಮೆ ಮುಗಿಯುವ ತಾರೀಖನ್ನು ಇಂದೇ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.