ಟೈರ್ ಮೇಲಿನ 84 ಮತ್ತು 88: ನಾಲ್ಕು ಅಂಕಿಯ ನಡುವೆ 60 ಕೆಜಿ

ಟೈರ್ ಪಕ್ಕದಲ್ಲಿ ಬರೆದಿರೋ ಅಕ್ಷರ, ಅಂಕಿಗಳ ಬಗ್ಗೆ ಇವತ್ತು ಮಾತಾಡೋಣ. ಕೇಳುಗರೊಬ್ಬರ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಅವರದ್ದು ಏಳು ಸೀಟಿನ ಕಾರು. 15 ಇಂಚಿನ ಚಕ್ರ ತೆಗೆಸಿ 17 ಇಂಚಿನ ಅಲಾಯ್ ಹಾಕಿಸಬೇಕು ಅಂತಿದ್ದಾರೆ. ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಟೈರ್ ತೋರಿಸಿದ್ರಂತೆ. ಒಂದರ ಮೇಲೆ 84, ಇನ್ನೊಂದರ ಮೇಲೆ 88. ಬೆಲೆ ಬೇರೆ ಬೇರೆ. ಯಾವುದು ತಗೊಳ್ಳಲಿ ಅಂತ ಕೇಳಿದ್ದಾರೆ.

ಮೊದಲು ಅವರ ಹಳೇ ಟೈರ್ ಓದೋಣ: 185/65 ಆರ್ 15 88 ಎಚ್. 185 ಅಂದ್ರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 65 ಅನ್ನೋದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 65ರಷ್ಟು. ಹಾಗಾಗಿ ಸುಮಾರು 120 ಮಿಲಿಮೀಟರ್. ಆರ್ ಅಂದ್ರೆ ರೇಡಿಯಲ್, 15 ಅಂದ್ರೆ ರಿಮ್ ಎಷ್ಟು ಇಂಚು ಅಂತ. ಇಷ್ಟು ಬಹಳ ಜನರಿಗೆ ಗೊತ್ತಿರುತ್ತೆ. ಕಣ್ಣು ತಪ್ಪಿಸಿಕೊಳ್ಳೋದು ಕೊನೇ ತುಂಡು, 88 ಎಚ್.

88 ಕೆಜಿ ಅಲ್ಲ, ಅದು ಪಟ್ಟಿಯಲ್ಲಿರೋ ಒಂದು ಕ್ರಮಸಂಖ್ಯೆ. ಪಟ್ಟಿ ನೋಡಿದ್ರೆ 88ರ ಮುಂದೆ 560 ಕೆಜಿ ಅಂತಿರುತ್ತೆ, 84ರ ಮುಂದೆ 500. ಅಂದ್ರೆ ಒಂದು ಟೈರ್ ಹೊರಬಹುದಾದ ಗರಿಷ್ಠ ಭಾರ. ನೋಡೋಕೆ ನಾಲ್ಕೇ ಅಂಕಿ, ಆದ್ರೆ ಒಂದೊಂದು ಟೈರಿಗೂ 60 ಕೆಜಿ ವ್ಯತ್ಯಾಸ.

ಹೊಸ ಟೈರ್ 205/45 ಆರ್ 17. ಅಗಲ ಜಾಸ್ತಿಯಾಯ್ತಲ್ಲ, ಭಾರನೂ ಜಾಸ್ತಿ ಹೊರಬೇಕಲ್ವಾ ಅಂತ ಅನಿಸುತ್ತೆ. ಹಾಗಲ್ಲ. ಭಾರ ಹೊರೋದು ಮುಖ್ಯವಾಗಿ ಒಳಗಿನ ಗಾಳಿ. ರಿಮ್ ದೊಡ್ಡದಾಗಿ ಗೋಡೆಯ ಎತ್ತರ 120ರಿಂದ 92 ಮಿಲಿಮೀಟರಿಗೆ ಇಳಿದಾಗ ಗಾಳಿಗೆ ಜಾಗ ಕಮ್ಮಿಯಾಗುತ್ತೆ. ಅದಕ್ಕೇ ಈ ಅಳತೆಯ ಸಾಧಾರಣ ಟೈರ್ 84ಕ್ಕೆ ನಿಲ್ಲುತ್ತೆ.

ಲೆಕ್ಕ ಹಾಕೋಣ. ಏಳು ಜನ, ಮೇಲೆ ಲಗೇಜು. ಹಿಂದಿನ ಆಕ್ಸಲ್ ಮೇಲೆ 960 ಕೆಜಿ ಬಿತ್ತು ಅಂತ ಇಟ್ಕೊಳ್ಳಿ, ಚಕ್ರಕ್ಕೆ 480. 84ರ ಟೈರಿಗೆ 500ರವರೆಗೆ ಅವಕಾಶ ಇದೆಯಲ್ಲ, ಇನ್ನೂ 20 ಕೆಜಿ ಉಳೀತಲ್ಲ ಅಂತೀರಾ? ಆ 500 ಸಿಗೋದು ಗಾಳಿ 36 ಪಿಎಸ್ಐ ಇದ್ದಾಗ. ಬಂಕಿನಲ್ಲಿ ಹಳೇ ಅಭ್ಯಾಸದ ಪ್ರಕಾರ 33 ಹೊಡೆಸಿದ್ರೆ ಅದರ ಸಾಮರ್ಥ್ಯ 465 ಕೆಜಿ ಆಸುಪಾಸಿಗೆ ಇಳಿಯುತ್ತೆ. 480 ಬೇಕಾದಲ್ಲಿ 465! ಹಳೇ 88ರ ಟೈರು ಅದೇ 33ರಲ್ಲಿ 515ರ ಮೇಲೇ ಹೊರ್ತಿತ್ತು.

ಭಾರ ಮೀರಿದ ಟೈರ್ ತಕ್ಷಣ ಏನೂ ಹೇಳಲ್ಲ, ಅದೇ ಕಷ್ಟ. ಉರುಳಿದಾಗಲೆಲ್ಲ ಗೋಡೆ ಅತಿಯಾಗಿ ಬಾಗಿ ಬಾಗಿ ಒಳಗೊಳಗೇ ಬಿಸಿಯಾಗುತ್ತೆ. ಬಿಸಿ ಹೆಚ್ಚಾದ್ರೆ ಒಳಗಿನ ಪದರಗಳು ಬಿಡೋಕೆ ಶುರು. ಹೊರಗೆ ಕಾಣೋ ಗುರುತು ಅಂದ್ರೆ ಎರಡೂ ಅಂಚು ಸವೆದು ನಡುಭಾಗ ಹಾಗೇ ಉಳಿದಿರೋದು. ಗಾಳಿ ಕಮ್ಮಿ ಇದ್ರೂ ಇದೇ ಥರ ಸವೆಯುತ್ತೆ, ಟೈರಿಗೆ ಎರಡೂ ಒಂದೇ ಶಿಕ್ಷೆ.

ಇನ್ನು ಎಚ್. ಇದು ವೇಗದ ಅಕ್ಷರ. ಟಿ ಅಂದ್ರೆ ಗಂಟೆಗೆ 190 ಕಿಲೋಮೀಟರ್, ಎಚ್ 210, ವಿ 240. (ಅಕ್ಷರಮಾಲೆಯ ಕ್ರಮ ನಂಬಬೇಡಿ, ಎಚ್ ಬರೋದು ಯು ಆದ ಮೇಲೆ.) ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಮಿತಿ 100, ನಮಗೆ 210 ಯಾಕೆ ಅಂತ ಕೇಳ್ತಾರೆ. ಆ ಅಕ್ಷರ ಅಷ್ಟು ವೇಗದಲ್ಲಿ ಹೋಗಿ ಅಂತ ಹೇಳ್ತಿಲ್ಲ, ಟೈರ್ ಎಷ್ಟು ಬಿಸಿ ತಡೆಯುತ್ತೆ ಅಂತ ಹೇಳ್ತಿದೆ. ಅದೂ ಸರಿಯಾದ ಗಾಳಿ, ಮಿತಿಯೊಳಗಿನ ಭಾರ ಇದ್ದಾಗ ಮಾತ್ರ. 84ರ ಪಕ್ಕ ವಿ ಅಂತಿದ್ರೆ 'ಇದು ಇನ್ನೂ ಗಟ್ಟಿ' ಅಂತ ಅಂಗಡಿಯವರು ಹೇಳಬಹುದು. ವೇಗದ ಅಕ್ಷರ ಮೇಲಿದ್ದ ಮಾತ್ರಕ್ಕೆ ಭಾರದ ಕೊರತೆ ತುಂಬಲ್ಲ.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ: ಹಾಕಿಸಲೇಬೇಕು ಅಂತಿದ್ರೆ 88. ಅದರ ಮೇಲೆ ಎಕ್ಸ್‌ಎಲ್ ಅಂತ ಬರೆದಿರುತ್ತೆ, ಹೆಚ್ಚು ಭಾರಕ್ಕೆ ಅಂತ ಗಟ್ಟಿಯಾಗಿ ಕಟ್ಟಿರೋ ಟೈರ್. ಆದ್ರೆ ಇಲ್ಲೂ ಒಂದು ತಿರುವು ಇದೆ. ಎಕ್ಸ್‌ಎಲ್ ತನ್ನ 560 ಕೆಜಿ ಹೊರೋದು 42 ಪಿಎಸ್ಐನಲ್ಲಿ. ಅದಕ್ಕೂ 33 ಹೊಡೆಸಿದ್ರೆ ಹೊರೋದು ಹೆಚ್ಚುಕಮ್ಮಿ 84ರ ಟೈರಿನಷ್ಟೇ. ದುಡ್ಡು ಕೊಟ್ಟು ತಂದ ಬಲ ಅಲ್ಲೇ ಮಲಗಿರುತ್ತೆ. ಹಳೇ ಟೈರ್ 33ರಲ್ಲಿ ಹೊರ್ತಿದ್ದಷ್ಟನ್ನು ಇದು ಹೊರಬೇಕಾದ್ರೆ ನನ್ನ ಲೆಕ್ಕದಲ್ಲಿ 38ರ ಹತ್ತಿರ ಬೇಕು. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರೋ ಚೀಟಿಯ ಅಂಕಿ 15 ಇಂಚಿನ ಟೈರಿಗೆ ಬರೆದದ್ದು, ಇದಕ್ಕಲ್ಲ. ಅಲಾಯ್ ಕೊಳ್ಳುವಾಗ ರಿಮ್ ಎಷ್ಟು ಭಾರಕ್ಕೆ ಮಾಡಿದ್ದು ಅಂತಲೂ ಕೇಳಿ. ಆ ಅಂಕಿ ಸಾಮಾನ್ಯವಾಗಿ ರಿಮ್‌ನ ಒಳಬದಿಯಲ್ಲಿ ಇರುತ್ತೆ, ಹಾಕಿಸೋಕೆ ಮುಂಚೆ ತಿರುಗಿಸಿ ನೋಡಿ.